ನಷ್ಟದ ಷೇರು ಮಾರುವ ಮೊದಲು ಖರೀದಿಯ ದಿನಾಂಕ ನೋಡಿ

ಮಾರ್ಚ್ ತಿಂಗಳು ಹತ್ತಿರವಾದಂತೆ ಷೇರು ಹೂಡಿಕೆದಾರರ ಕಿವಿಗೆ ಒಂದೇ ಸಲಹೆ ಮತ್ತೆ ಮತ್ತೆ ಬೀಳುತ್ತದೆ: ನಷ್ಟದಲ್ಲಿರುವ ಷೇರುಗಳನ್ನು ಮಾರಿ, ಆ ನಷ್ಟವನ್ನು ಈ ವರ್ಷದ ಲಾಭಕ್ಕೆ ವಜಾ ಹಾಕಿ, ತೆರಿಗೆ ಉಳಿಸಿ. ಟ್ಯಾಕ್ಸ್ ಲಾಸ್ ಹಾರ್ವೆಸ್ಟಿಂಗ್ ಎಂದು ಕರೆಯುವ ಈ ಕ್ರಮಕ್ಕೆ ಕಾನೂನಿನ ಅಡ್ಡಿಯಿಲ್ಲ, ಪ್ರಯೋಜನವೂ ಇದೆ. ಆದರೆ ಬಹಳಷ್ಟು ಜನ ನೋಡುವುದು ನಷ್ಟ ಎಷ್ಟು ದೊಡ್ಡದು ಎಂಬುದನ್ನು ಮಾತ್ರ. ಆ ಷೇರು ಕೈಗೆ ಬಂದು 12 ತಿಂಗಳು ದಾಟಿದೆಯೇ ಎಂಬುದನ್ನು ಮೊದಲು ನೋಡಬೇಕು. ನಷ್ಟದ ಬೆಲೆ ನಿರ್ಧಾರವಾಗುವುದೇ ಅಲ್ಲಿ.

ಷೇರು ಪೇಟೆಯಲ್ಲಿ ನೋಂದಾಯಿತ ಷೇರು ಮತ್ತು ಈಕ್ವಿಟಿ ಮ್ಯೂಚುವಲ್ ಫಂಡ್‌ಗಳಿಗೆ 2024ರ ಜುಲೈ 23ರಿಂದ ಬದಲಾದ ದರಗಳು ಹೀಗಿವೆ. 12 ತಿಂಗಳೊಳಗೆ ಮಾರಿದರೆ ಅದು ಅಲ್ಪಾವಧಿ ಲಾಭ, ತೆರಿಗೆ ಶೇ 20. ಅದಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ದೀರ್ಘಾವಧಿ ಲಾಭ. ಅದರಲ್ಲಿ ವರ್ಷಕ್ಕೆ 1.25 ಲಕ್ಷ ರೂಪಾಯಿಯವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ನಷ್ಟವನ್ನೂ ಹೀಗೆಯೇ ಎರಡಾಗಿ ವಿಂಗಡಿಸುತ್ತಾರೆ, ಆದರೆ ಎರಡಕ್ಕೂ ಸಮಾನ ಹಕ್ಕಿಲ್ಲ. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭಕ್ಕೆ ವಜಾ ಹಾಕಬಹುದು. ದೀರ್ಘಾವಧಿ ನಷ್ಟ ದೀರ್ಘಾವಧಿ ಲಾಭಕ್ಕೆ ಮಾತ್ರ ಸಲ್ಲುತ್ತದೆ.

ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುವ, ಸಂಬಳಕ್ಕೆ ತೆರಿಗೆ ಕಟ್ಟುತ್ತಿರುವ ಒಬ್ಬ ಮಹಿಳೆಯ ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಈ ವರ್ಷ ಅವರಿಗೆ 80,000 ರೂಪಾಯಿ ಅಲ್ಪಾವಧಿ ಲಾಭ ಮತ್ತು 1,40,000 ರೂಪಾಯಿ ದೀರ್ಘಾವಧಿ ಲಾಭ ಬಂದಿದೆ. ಅಲ್ಪಾವಧಿಯದಕ್ಕೆ ತೆರಿಗೆ 16,000. ದೀರ್ಘಾವಧಿಯಲ್ಲಿ ವಿನಾಯಿತಿ ಕಳೆದು ಉಳಿದ 15,000ಕ್ಕೆ ತೆರಿಗೆ 1,875. ಸೆಸ್ ಬಿಟ್ಟು ಒಟ್ಟು 17,875 ರೂಪಾಯಿ.

ಅವರ ಬಳಿ ನಷ್ಟದಲ್ಲಿರುವ ಎರಡು ಕಂಪನಿಗಳ ಷೇರುಗಳಿವೆ. ಒಂದು, ಮೂರು ವರ್ಷದ ಹಿಂದೆ ಕೊಂಡ 300 ಷೇರು, ಪ್ರತಿಯೊಂದಕ್ಕೂ 200 ರೂಪಾಯಿಯಂತೆ 60,000 ನಷ್ಟ. ಇನ್ನೊಂದು, ಕಳೆದ ಮೇ ತಿಂಗಳಲ್ಲಿ 1,050 ರೂಪಾಯಿಗೆ ಕೊಂಡ 200 ಷೇರು. ಈಗಿನ ಬೆಲೆ 700, ನಷ್ಟ 70,000.

ಅವರು ಹಳೆಯ ಷೇರುಗಳನ್ನೆಲ್ಲ ಮಾರಿದರೆಂದುಕೊಳ್ಳಿ. ದೀರ್ಘಾವಧಿ ಲಾಭ 1,40,000ದಿಂದ 80,000ಕ್ಕೆ ಇಳಿಯುತ್ತದೆ. ಆದರೆ ಉಳಿತಾಯವಾದ ತೆರಿಗೆ ಬರೀ 1,875! 60,000ದ ನಷ್ಟದಲ್ಲಿ ಕೆಲಸಕ್ಕೆ ಬಂದದ್ದು 15,000 ಮಾತ್ರ. ಮಿಕ್ಕ 45,000, ಹೇಗೂ ತೆರಿಗೆ ಬೀಳದಿದ್ದ ಲಾಭವನ್ನು ಕರಗಿಸಿ ಮುಗಿದುಹೋಯಿತು. ಏಕೆಂದರೆ ಕಾನೂನಿನ ಪ್ರಕಾರ ಮೊದಲು ನಷ್ಟ ಕಳೆಯಬೇಕು, ಆಮೇಲಷ್ಟೇ 1.25 ಲಕ್ಷದ ವಿನಾಯಿತಿ. ಬೇಡದ ನಷ್ಟವನ್ನು ಮುಂದಿನ ವರ್ಷಕ್ಕೆ ಎತ್ತಿಡುತ್ತೇನೆ ಎನ್ನುವ ಆಯ್ಕೆ ಇಲ್ಲ. ನಾನು ಕಂಡಂತೆ ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ.

ಅವರು ಮಾರಬೇಕಾಗಿದ್ದು ಮೇ ತಿಂಗಳ 200 ಷೇರುಗಳನ್ನು. ಆಗ ಅಲ್ಪಾವಧಿ ಲಾಭ 10,000ಕ್ಕೆ ಇಳಿದು, ತೆರಿಗೆ 16,000ದಿಂದ 2,000ಕ್ಕೆ ಬರುತ್ತದೆ. ಜೊತೆಗೆ ಹಳೆಯ ಕಂಪನಿಯ 75 ಷೇರುಗಳನ್ನು ಮಾತ್ರ ಮಾರಿದರೆ ಬೇಕಾದ 15,000 ನಷ್ಟ ಸಿಗುತ್ತದೆ, ಆ 1,875 ಕೂಡ ಉಳಿಯುತ್ತದೆ. ಇದೇ 200 ಷೇರುಗಳನ್ನು ಮುಂದಿನ ಜೂನ್‌ವರೆಗೆ ಬಿಟ್ಟಿದ್ದರೆ ಅವು 12 ತಿಂಗಳು ದಾಟಿ, ಶೇ 20ರ ತೆರಿಗೆ ಉಳಿಸಬಲ್ಲ ನಷ್ಟ ಹೆಚ್ಚೆಂದರೆ ಶೇ 12.5 ಉಳಿಸುವ ನಷ್ಟವಾಗಿಬಿಡುತ್ತಿತ್ತು.

ಇನ್ನು ಮಾರುವ ಬಗೆ. ಕಂಪನಿಯ ಮೇಲೆ ನಂಬಿಕೆ ಇರುವವರು ಮಾರಿದ ಷೇರನ್ನು ಮತ್ತೆ ಕೊಳ್ಳಲು ಬಯಸುತ್ತಾರೆ. ಅಮೆರಿಕದಲ್ಲಿ ನಷ್ಟಕ್ಕೆ ಮಾರಿದ ಷೇರನ್ನೇ 30 ದಿನದೊಳಗೆ ಕೊಂಡರೆ ಆ ನಷ್ಟವನ್ನು ಆಗ ವಜಾ ಹಾಕಲು ಬಿಡುವುದಿಲ್ಲ. ನಮ್ಮಲ್ಲಿ ಅಂಥ ನಿಯಮವಿಲ್ಲ. ಹಾಗೆಂದು ಬೆಳಿಗ್ಗೆ ಮಾರಿ ಅದೇ ಮಧ್ಯಾಹ್ನ ಅದೇ ಖಾತೆಯಲ್ಲಿ ಕೊಂಡರೆ ಕೆಲಸ ಕೆಡುತ್ತದೆ. ಮಾರಾಟವೂ ಖರೀದಿಯೂ ಪರಸ್ಪರ ವಜಾ ಆಗಿ ಅದು ಇಂಟ್ರಾಡೇ ವ್ಯವಹಾರವಾಗುತ್ತದೆ. ಷೇರು ಡಿಮ್ಯಾಟ್ ಖಾತೆಯಿಂದ ಹೊರಗೇ ಹೋಗುವುದಿಲ್ಲ, ಆ 70,000ದ ನಷ್ಟ ಹುಟ್ಟುವುದೇ ಇಲ್ಲ. ಡಿಮ್ಯಾಟ್ ಸ್ಟೇಟ್‌ಮೆಂಟ್‌ನಲ್ಲಿ ಆ ಷೇರುಗಳು ಡೆಬಿಟ್ ಆಗಿವೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ. ಹಾಗಾಗಿ ಇವತ್ತು ಮಾರಿ, ಮುಂದಿನ ವಹಿವಾಟಿನ ದಿನ ಕೊಳ್ಳಿ. ರಾತ್ರಿ ಕಳೆಯುವುದರೊಳಗೆ ಬೆಲೆ ಏರಬಹುದು ಎಂಬ ಭಯ ಸಹಜ. ಈಗ 1,40,000 ರೂಪಾಯಿ ಬಾಳುವ ಆ 200 ಷೇರುಗಳ ಬೆಲೆ ಶೇ 2 ಏರಿದರೆ 2,800 ರೂಪಾಯಿ ಹೆಚ್ಚು ತೆರಬೇಕಾದೀತು. ಉಳಿಯುವ 14,000ದ ಎದುರು ಇದನ್ನು ತೂಗಿ ನೋಡಬಹುದು. ನಷ್ಟ ಚಿಕ್ಕದಾಗಿದ್ದರೆ ಮಾತ್ರ ಈ ಅಪಾಯ ಮತ್ತು ಬ್ರೋಕರ್ ಖರ್ಚು ಸೇರಿ ಉಳಿತಾಯವನ್ನೇ ನುಂಗುತ್ತವೆ.

ಅದೇ ಕಂಪನಿಯ ಷೇರನ್ನು ಬೇರೆ ಬೇರೆ ಕಾಲದಲ್ಲಿ ಕೊಂಡವರು ಇನ್ನೊಂದು ವಿಷಯ ತಿಳಿದಿರಬೇಕು. ಒಂದು ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದ ಷೇರೇ ಮೊದಲು ಮಾರಾಟವಾಯಿತೆಂದು ಲೆಕ್ಕ. ಮೇಲಿನ ಮಹಿಳೆಯ ಬಳಿ ಅದೇ ಎರಡನೆಯ ಕಂಪನಿಯ ಇನ್ನೂ 100 ಷೇರು, ಐದು ವರ್ಷದ ಹಿಂದೆ 400 ರೂಪಾಯಿಗೆ ಕೊಂಡವು ಇದ್ದವೆನ್ನಿ. ಈಗ 200 ಷೇರು ಮಾರಿದರೆ ಮೊದಲು ಹೋಗುವುದು ಆ ಹಳೆಯ 100. ಅವುಗಳಿಂದ 30,000 ರೂಪಾಯಿ ದೀರ್ಘಾವಧಿ ಲಾಭ ಬಂದು ಸೇರುತ್ತದೆ, ಬಯಸಿದ ನಷ್ಟ ಅರ್ಧಕ್ಕರ್ಧ ಇಳಿದು 35,000 ಆಗುತ್ತದೆ. ಎಸ್‌ಐಪಿ ಮೂಲಕ ಕೊಂಡ ಮ್ಯೂಚುವಲ್ ಫಂಡ್‌ಗೂ ಇದೇ ನಿಯಮ. ಪ್ರತಿ ಕಂತಿಗೂ ಅದರದೇ ಖರೀದಿ ದಿನಾಂಕ, ಹಳೆಯ ಕಂತು ಮೊದಲು.

ಉಳಿದ 14,000 ಪೂರ್ತಿ ನಮ್ಮದೇ ಎಂದುಕೊಳ್ಳುವುದೂ ತಪ್ಪು. 700 ರೂಪಾಯಿಗೆ ಮತ್ತೆ ಕೊಂಡ ಷೇರಿನ ಖರೀದಿ ಬೆಲೆ ಇನ್ನು ಮುಂದೆ 700. ಅದು 1,050ಕ್ಕೆ ಮರಳಿದಾಗ 70,000 ಲಾಭ ಕಾಣಿಸುತ್ತದೆ. 12 ತಿಂಗಳ ಎಣಿಕೆಯೂ ಹೊಸದಾಗಿ ಶುರುವಾಗಿರುತ್ತದೆ. ಅವಸರಪಟ್ಟು ವರ್ಷದೊಳಗೆ ಮಾರಿದರೆ ಶೇ 20ರಂತೆ 14,000 ತೆತ್ತು ಲೆಕ್ಕ ಚುಕ್ತಾ. ವರ್ಷ ದಾಟಿಸಿದರೆ ಶೇ 12.5, ಆ ವರ್ಷದ ವಿನಾಯಿತಿಯೊಳಗೆ ಬಂದರೆ ಏನೂ ಇಲ್ಲ. ನಿಜವಾದ ಉಳಿತಾಯ ಈ ತಾಳ್ಮೆಗೆ ಸಿಗುವುದು.

ಲಾಭಕ್ಕೆ ವಜಾ ಆಗಿ ಮಿಕ್ಕ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸಿದವರಿಗೆ ಮಾತ್ರ. ಗಡುವು ಮೀರಿದರೆ ಆ ನಷ್ಟವನ್ನು ಮರೆಯಬೇಕು. ಮಾರಾಟವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದೂ ಬೇಡ. 2025ರ ಮಾರ್ಚ್ 31ರಂದು ಈದ್ ರಜೆಯಿಂದ ಷೇರು ಪೇಟೆ ಮುಚ್ಚಿತ್ತು, ಆ ವರ್ಷದ ಕೊನೆಯ ವಹಿವಾಟು 28ರ ಶುಕ್ರವಾರಕ್ಕೇ ಮುಗಿದಿತ್ತು.

ಹಾಗಾಗಿ ಮಾರ್ಚ್ ಮೊದಲ ವಾರದಲ್ಲೇ ಒಂದು ಹಾಳೆಯಲ್ಲಿ ನಾಲ್ಕು ಮೊತ್ತ ಬರೆದುಕೊಳ್ಳಿ: ಈ ವರ್ಷದ ಅಲ್ಪಾವಧಿ ಲಾಭ, ದೀರ್ಘಾವಧಿ ಲಾಭ, ಕೈಯಲ್ಲಿರುವ ಷೇರುಗಳ ಅಲ್ಪಾವಧಿ ನಷ್ಟ, ದೀರ್ಘಾವಧಿ ನಷ್ಟ. ದೀರ್ಘಾವಧಿ ಲಾಭ 1.25 ಲಕ್ಷದೊಳಗಿದ್ದರೆ ಹಳೆಯ ನಷ್ಟವನ್ನು ಮುಟ್ಟಬೇಡಿ. ಅಲ್ಪಾವಧಿ ಲಾಭ ಇದ್ದರೆ, 12 ತಿಂಗಳು ತುಂಬಲಿರುವ ನಷ್ಟದ ಷೇರನ್ನು ಮೊದಲು ನೋಡಿ. ಆ ಷೇರಿಗೆ ಮಾರ್ಚ್ 31ಕ್ಕಿಂತ ಮುಂಚೆಯೇ ವರ್ಷ ತುಂಬುವುದಾದರೆ, ನಿಮ್ಮ ನಿಜವಾದ ಗಡುವು ಅದೇ.