‘ಲೆದರ್’ ಎಂಬ ಒಂದೇ ಹೆಸರು, ಒಳಗೆ ಮೂರು ಬಗೆಯ ವಸ್ತು

ಮದುವೆ, ಹಬ್ಬದ ಉಡುಗೊರೆಗೆ ಬೆಲ್ಟ್ ಮತ್ತು ಪರ್ಸ್ ಜೋಡಿಯನ್ನು ಆನ್‌ಲೈನ್‌ನಲ್ಲಿ ತರಿಸುವುದು ಈಗ ರೂಢಿ. ಅಲ್ಲಿ ಮುಟ್ಟಿ ನೋಡುವಂತಿಲ್ಲ, ವಿವರಣೆಯ ಎರಡು ಸಾಲೇ ಆಧಾರ. ಚರ್ಮ ಬಳಸದ ಜೈನ ಕುಟುಂಬಗಳು ‘ಜೆನ್ಯೂನ್ ಲೆದರ್’ ಎಂದು ಕಂಡರೆ ಮುಂದೆ ಹೋಗುತ್ತವೆ. ‘ಪಿಯು ಲೆದರ್’ ಎಂದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ, ನಮ್ಮ ರೆಕ್ಸಿನ್ ಜಾತಿಯದು ಎಂಬುದೂ ಬಹಳ ಮಂದಿಗೆ ಗೊತ್ತು. ಎಡವುವುದು ಮೂರನೆಯದರಲ್ಲಿ, ಅಂದರೆ ‘ಬಾಂಡೆಡ್ ಲೆದರ್’ನಲ್ಲಿ.

ಚರ್ಮದ ಕಾರ್ಖಾನೆಯಲ್ಲಿ ಉಳಿದ ಚೂರುಗಳನ್ನು ನಾರಿನಂತೆ ಅರೆದು, ಅಂಟು ಬೆರೆಸಿ, ಹಾಳೆಯಾಗಿ ಒತ್ತಿದರೆ ಅದು ಬಾಂಡೆಡ್. ಮೇಲೆ ಪಾಲಿಯುರೆಥೇನ್ ಲೇಪ ಹಾಕಿ ಚರ್ಮದ ಗೆರೆಗಳನ್ನು ಅಚ್ಚೊತ್ತುತ್ತಾರೆ. ಅಗ್ಗವಾಗಿರುತ್ತದೆ, ಮುಟ್ಟಿದರೆ ಪ್ಲಾಸ್ಟಿಕ್‌ನಂತಿರುತ್ತದೆ. ಹಾಗಾಗಿ ಜನ ಕೃತಕವೆಂದೇ ನಂಬುತ್ತಾರೆ. ಆದರೆ ಐರೋಪ್ಯ ಮಾನದಂಡ ಇಎನ್ 15987ರ ಪ್ರಕಾರ, ಈ ಹೆಸರು ಹಾಕಬೇಕಾದರೆ ತೂಕದಲ್ಲಿ ಕನಿಷ್ಠ ಶೇ. 50 ಒಣ ಚರ್ಮವೇ ಇರಬೇಕು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿಯು, ಬಾಂಡೆಡ್ ಎಂಬ ಪದ ಬಳಸಿದರೆ ಚರ್ಮದ ನಾರು ಶೇಕಡಾ ಎಷ್ಟೆಂದು ಪಕ್ಕದಲ್ಲೇ ಬರೆಯಬೇಕು ಎನ್ನುತ್ತದೆ. ಇಲ್ಲಿನ ಜಾಲತಾಣಗಳಲ್ಲಿ ಅಂಥ ಅಂಕಿ ಕಾಣುವುದು ಅಪರೂಪ.

ಬೆಲ್ಟ್‌ನ ವಿಷಯ ಇನ್ನೂ ಗೋಜಲು. ಬೆಲ್ಟ್ ಒಂದೇ ಪಟ್ಟಿಯಾಗಿರಬೇಕೆಂದಿಲ್ಲ. ಹೊರಪದರ, ನಡುವಿನ ತುಂಬು, ಒಳಪದರ ಬೇರೆ ಬೇರೆ ಇರಬಹುದು. ‘ಪಿಯು ಲೆದರ್ ಬೆಲ್ಟ್’ ಎಂದಷ್ಟೇ ಬರೆದಿದ್ದರೆ ಅದು ಹೊರಪದರದ ಮಾತು. ನಡುವೆ ಲೆದರ್ ಬೋರ್ಡ್, ಅಂದರೆ ಅದೇ ಒತ್ತಿದ ಚರ್ಮದ ಚೂರು, ಇದ್ದರೂ ಇರಬಹುದು. ಮಾರುವವನಿಗೂ ಎಷ್ಟೋ ಸಲ ಇದು ತಿಳಿದಿರುವುದಿಲ್ಲ ಅನ್ನಿ. ಅಂಥ ಬೆಲ್ಟ್‌ನ ಸರಿಯಾದ ವಿವರಣೆ ಹೀಗಿರಬೇಕು: ‘ಹೊರಪದರ ಪಾಲಿಯುರೆಥೇನ್, ಕೃತಕ, ನಡುವಿನ ತುಂಬು ಬಾಂಡೆಡ್ ಲೆದರ್, ಪ್ರಾಣಿಜನ್ಯ, ಒಳಪದರ ಪಾಲಿಯೆಸ್ಟರ್.’ ಪರ್ಸ್‌ಗೂ ಹೊರಭಾಗ, ಕಾರ್ಡ್ ಇಡುವ ಭಾಗ, ಅಸ್ತರಿ ಹೀಗೆ ಬಿಡಿಬಿಡಿಯಾಗಿ ಬರೆಯಬೇಕು. ಕೊಳ್ಳುವ ಮುನ್ನ ಕೇಳಬೇಕಾದ್ದೂ ಇಷ್ಟೇ: ಯಾವುದಾದರೂ ಪದರದಲ್ಲಿ ಚರ್ಮದ ನಾರು ಇದೆಯೇ? ಉತ್ತರವನ್ನು ಬರಹದಲ್ಲೇ ಪಡೆಯುವುದು ಒಳ್ಳೆಯದು.

ವಸ್ತು ಕೈಗೆ ಬಂದ ಮೇಲೆ ಬೆಲ್ಟ್‌ನ ತೂತು ಅಥವಾ ಕತ್ತರಿಸಿದ ತುದಿ ನೋಡಬಹುದು. ನೇಯ್ದ ಬಟ್ಟೆಯ ಎಳೆ ಕಂಡರೆ ಆ ಪದರ ಕೃತಕ. ಎಳೆಎಳೆಯಾಗಿ ಹೆಣೆದುಕೊಂಡ ನಾರು ಕಂಡರೆ ಚರ್ಮ. ರಟ್ಟಿನಂತೆ ಒತ್ತಿದ ಪುಡಿನಾರು ಕಂಡರೆ ಬಾಂಡೆಡ್ ಎಂಬ ಅನುಮಾನ. ಕಾಗದದ ರಟ್ಟೂ ಹಾಗೆಯೇ ಕಾಣುವುದರಿಂದ ಖಚಿತ ಹೇಳಲಾಗದು. ಅಂಚಿಗೆ ಬಣ್ಣ ಬಳಿದಿದ್ದರೆ ಇದ್ಯಾವುದೂ ಕಾಣುವುದಿಲ್ಲ. ವಾಸನೆಯನ್ನಂತೂ ನಂಬುವಂತಿಲ್ಲ, ಅದನ್ನೂ ಮೇಲಿನಿಂದ ಸೇರಿಸುತ್ತಾರೆ. ವಿವರಣೆಯಲ್ಲಿ ಕೃತಕ ಎಂದು ಬರೆದು ಚರ್ಮ ಕಳಿಸಿದ್ದರೆ, ಆ ಪುಟದ ಸ್ಕ್ರೀನ್‌ಶಾಟ್ ಮತ್ತು ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.