ಬೇರುನಾಳ ಚಿಕಿತ್ಸೆ: ಖರ್ಚಿನ ಲೆಕ್ಕ ಮೊದಲ ದಿನವೇ ಆಗಲಿ

ಕೆಲವು ವರ್ಷಗಳ ಹಿಂದೆ ಹಿರಿಯ ರೈತರೊಬ್ಬರು ಕೆಳದವಡೆಯ ಹಲ್ಲುನೋವೆಂದು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹುಳುಕು ನರದವರೆಗೆ ಇಳಿದಿತ್ತು. ‘ರೂಟ್ ಕೆನಾಲ್ ಮಾಡಬೇಕು, ನಾಲ್ಕು ಸಾವಿರ ಆಗುತ್ತದೆ’ ಎಂದೆ. ಅವರು ಹಣ ಹೊಂದಿಸಿಕೊಂಡು ಬಂದರು, ಮೂರು ಸಲ ಕುಳಿತು ಕೆಲಸ ಮುಗಿಯಿತು, ನೋವು ಹೋಯಿತು. ಕಡೆಯ ದಿನ, ಅವರು ಎದ್ದು ನಿಂತಾಗ, ‘ಇದರ ಮೇಲೆ ಕ್ಯಾಪ್ ಹಾಕಿಸಬೇಕು, ಅದಕ್ಕೆ ಬೇರೆ ಖರ್ಚು’ ಎಂದೆ. ಅವರು ತಲೆಯಾಡಿಸಿ ಹೋದರು. ಐದು ತಿಂಗಳ ನಂತರ ಹುರಿದ ಶೇಂಗಾ ಕಡಿಯುವಾಗ ಆ ಹಲ್ಲು ನೆತ್ತಿಯಿಂದ ಬೇರಿನವರೆಗೆ ಸೀಳಿತು. ಹಾಗೆ ಸೀಳಿದ ಹಲ್ಲನ್ನು ಕೀಳುವುದಲ್ಲದೆ ಬೇರೆ ದಾರಿಯಿರಲಿಲ್ಲ. ಆ ದಿನ ಅವರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: ‘ಡಾಕ್ಟರ್ ಸಾಹೇಬ್ರ, ಮೊದಲನೇ ದಿನಾನ ಹತ್ತು ಸಾವಿರ ಅಂದಿದ್ರ ಹಲ್ಲು ಕೀಳಸ್ತಿದ್ದೆ, ಇಲ್ಲಾ ರೊಕ್ಕ ಹೊಂದಿಸಿಕೊಂಡು ಬರ್ತಿದ್ದೆ. ಈಗ ರೊಕ್ಕಾನೂ ಹೋತು, ಹಲ್ಲೂ ಹೋತು.’

ತಪ್ಪು ನನ್ನದು. ನಾನು ಅವರಿಗೆ ಹೇಳಿದ್ದು ಚಿಕಿತ್ಸೆಯ ಒಂದು ಹಂತದ ಬೆಲೆಯನ್ನು. ಅವರು ತಿಳಿದದ್ದು ಹಲ್ಲು ಉಳಿಸುವ ಬೆಲೆ ಎಂದು. ನಮ್ಮ ವೃತ್ತಿಯಲ್ಲಿ ಇಂದಿಗೂ ಈ ಅಭ್ಯಾಸ ಉಂಟು. ಪೂರ್ಣ ಮೊತ್ತ ಹೇಳಿದರೆ ರೋಗಿ ಎದ್ದುಹೋದಾನೆಂಬ ಅಂಜಿಕೆಯಿಂದ ಮೊದಲ ಹಂತದ ಹಣವನ್ನಷ್ಟೇ ಹೇಳುತ್ತೇವೆ. ಇದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಕ್ಯಾಪ್ ಶೃಂಗಾರದ ವಸ್ತುವಲ್ಲ. ಬೇರುನಾಳ ಚಿಕಿತ್ಸೆಯಲ್ಲಿ ಹಲ್ಲಿನ ನೆತ್ತಿಯನ್ನು ಕೊರೆದು, ಕೊಳೆತ ನರವನ್ನು ತೆಗೆದು, ನಾಳಗಳನ್ನು ತೊಳೆದು ತುಂಬುತ್ತೇವೆ. ಹುಳುಕು ಮೊದಲೇ ಗೋಡೆಗಳನ್ನು ತಿಂದಿರುತ್ತದೆ. ಕೊರೆತ ಮಾಳಿಗೆಯನ್ನೂ ತೆಗೆಯುತ್ತದೆ. ಉಳಿಯುವುದು ಮೇಲ್ಛಾವಣಿಯಿಲ್ಲದ ತೆಳುಗೋಡೆಗಳು. ಮುಂಭಾಗದ ಹಲ್ಲುಗಳಲ್ಲಿ ಗೋಡೆ ಗಟ್ಟಿಯಾಗಿದ್ದರೆ ಕೆಲವೊಮ್ಮೆ ಬರಿಯ ಫಿಲ್ಲಿಂಗ್ ಸಾಕಾದೀತು. ಅಗಿಯುವ ಭಾರ ಹೊರುವ ದವಡೆ ಹಲ್ಲಿಗೆ ಸಾಮಾನ್ಯವಾಗಿ ಅದು ಸಾಲದು. ಅಲ್ಲದೆ ಮೇಲಿನ ತಾತ್ಕಾಲಿಕ ಸಿಮೆಂಟು ಕೆಲವೇ ವಾರಗಳ ಮಟ್ಟಿಗಿನದು. ಅದು ಸವೆದರೆ ಎಂಜಲು ಒಳಗಿಳಿದು, ತುಂಬಿದ ನಾಳಗಳು ಮತ್ತೆ ಕೆಡುತ್ತವೆ.

ಹಾಗಾದರೆ ಪೂರ್ಣ ಲೆಕ್ಕ ಹೇಗಿರಬೇಕು? ದರಗಳು ಊರಿಂದ ಊರಿಗೆ ಬೇರೆಯಾದುದರಿಂದ, ಮೇಲಿನ ಹಲ್ಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬರೆಯುತ್ತೇನೆ. ತಪಾಸಣೆ ಮತ್ತು ಎಕ್ಸ್‌ರೇಗೆ 300 ರೂಪಾಯಿ, ಬೇರುನಾಳ ಚಿಕಿತ್ಸೆಗೆ 4,000, ಕರಗಿಹೋದ ಗೋಡೆಯನ್ನು ಗಟ್ಟಿ ಫಿಲ್ಲಿಂಗ್‌ನಿಂದ ಕಟ್ಟಿ ಎಬ್ಬಿಸಲು 1,000, ಒಳಗೆ ಲೋಹ ಹೊರಗೆ ಪಿಂಗಾಣಿಯಿರುವ ಕ್ಯಾಪ್‌ಗೆ 4,500. ಒಟ್ಟು 9,800 ರೂಪಾಯಿ. ಮೂರನೆಯದನ್ನು, ಅಂದರೆ ಕಟ್ಟಿ ಎಬ್ಬಿಸುವ ಕೆಲಸವನ್ನು, ಹೇಳುವುದನ್ನು ವೈದ್ಯರು ಬಹಳ ಸಲ ಮರೆಯುತ್ತಾರೆ. ಕ್ಯಾಪ್ ಕೂರುವುದು ಅದರ ಮೇಲೆಯೇ. ಹಿಂದಿನ ಹಲ್ಲಿಗೆ ಪೂರ್ಣ ಲೋಹದ ಕ್ಯಾಪ್ ಒಪ್ಪುವುದಾದರೆ 4,500ರ ಜಾಗದಲ್ಲಿ 2,500 ಸಾಕಾಗಿ, ಒಟ್ಟು 7,800ಕ್ಕೆ ಇಳಿಯುತ್ತದೆ. ನಗುವಾಗ ಕಾಣದ ಹಲ್ಲಿಗೆ ಬಣ್ಣಕ್ಕಾಗಿ ಹೆಚ್ಚು ಹಣ ತೆರಬೇಕೇ ಎಂಬುದನ್ನು ಮನೆಯವರೇ ನಿರ್ಧರಿಸಲಿ. ಲೋಹದ ಕ್ಯಾಪ್ ತೆಳುವಾಗಿದ್ದೂ ಗಟ್ಟಿ. ಹಲ್ಲನ್ನು ಕಡಿಮೆ ಉಜ್ಜಿದರೂ ಸಾಕು. ಆದರೂ ಅದನ್ನು ಹೇಳುವ ವೈದ್ಯರು ಈಗ ಕಡಿಮೆಯಾಗಿದ್ದಾರೆ.

ಅಂದಾಜು ಮೀರುವುದೂ ಉಂಟು, ಅದೆಲ್ಲ ಮೋಸವಲ್ಲ. ಎಕ್ಸ್‌ರೇ ಎಂಬುದು ನೆರಳು ಮಾತ್ರ. ಮೂರು ನಾಳಗಳೆಂದು ತಿಳಿದ ಹಲ್ಲಿನಲ್ಲಿ ನಾಲ್ಕನೆಯದು ಅಡಗಿರಬಹುದು. ಗೋಡೆ ತೀರ ಕಡಿಮೆಯಿದ್ದರೆ ಬೇರಿನೊಳಗೆ ಕಂಬದಂತೆ ಒಂದು ಕಡ್ಡಿ ನಿಲ್ಲಿಸಬೇಕಾದೀತು. ಹುಳುಕು ವಸಡಿನ ಕೆಳಗೆ ಇಳಿದಿದ್ದರೆ ವಸಡನ್ನು ಕತ್ತರಿಸಿ ಸರಿಪಡಿಸಬೇಕಾದೀತು. ಆದ್ದರಿಂದ ಒಳ್ಳೆಯ ಅಂದಾಜಿನಲ್ಲಿ ಒಂದು ಮೊತ್ತವಲ್ಲ, ಎರಡು ಇರುತ್ತವೆ: ‘ಸಾಮಾನ್ಯವಾಗಿ 9,800, ಕಡ್ಡಿ ಬೇಕಾದರೆ 11,300’ ಎಂಬಂತೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಹುಳುಕನ್ನೆಲ್ಲ ಕೆರೆದು ತೆಗೆದ ಮೇಲೆ ವಸಡಿನಿಂದ ಮೇಲಕ್ಕೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿದೆಯೇ? ಕ್ಯಾಪ್ ಹಿಡಿದು ನಿಲ್ಲುವುದು ಆ ಪಟ್ಟಿಯ ಮೇಲೆ. ಪೀಪಾಯಿಗೆ ಕಬ್ಬಿಣದ ಬಳೆ ಇದ್ದಂತೆ. ಅದು ಇಲ್ಲದಿದ್ದರೆ ಬೇರುನಾಳ ಚಿಕಿತ್ಸೆ ಎಷ್ಟು ಚೆನ್ನಾಗಿ ಆದರೂ ಹಲ್ಲು ಬಹಳ ದಿನ ಬಾಳುವುದು ಕಷ್ಟ. ಇದು ಮೊದಲ ದಿನ ಹಲ್ಲು ತೆರೆದಾಗಲೇ ವೈದ್ಯರಿಗೆ ತಿಳಿಯುತ್ತದೆ. ಆದುದರಿಂದ ಆ ದಿನವೇ ಕೇಳಬೇಕು: ‘ಡಾಕ್ಟರೇ, ಈ ಹಲ್ಲು ಕ್ಯಾಪ್ ಹೊರುತ್ತದೆಯೇ?’ ಇಲ್ಲವೆಂದರೆ ಅಲ್ಲಿಗೆ ನಿಲ್ಲಿಸಿ ಕೀಳಿಸುವುದೇ ಲೇಸು. ಕಳೆದದ್ದು ಮೊದಲ ಕಂತು ಮಾತ್ರ. ಆದರೆ ಕೀಳಿಸುವುದು ಯಾವಾಗಲೂ ಅಗ್ಗವೆಂದು ತಿಳಿಯಬಾರದು. ಆ ಖಾಲಿ ಜಾಗವನ್ನು ಪಕ್ಕದ ಎರಡು ಹಲ್ಲುಗಳ ಆಧಾರದಿಂದ ತುಂಬಿಸಲು ಮೂರು ಕ್ಯಾಪ್‌ಗಳ ಸೇತುವೆ ಬೇಕು. ಇದೇ ದರದಲ್ಲಿ 13,500 ರೂಪಾಯಿ.

ಇನ್ನು ಕಂತಿನ ಮಾತು. ಹಣ ಕೆಲಸವನ್ನು ಹಿಂಬಾಲಿಸಬೇಕು, ಮುಂದೆ ಓಡಬಾರದು. ಮೇಲಿನ 9,800ನ್ನು ನಾನು ಈಗ ಹೀಗೆ ಹಂಚುತ್ತೇನೆ: ಹಲ್ಲು ತೆರೆದ ದಿನ 2,300, ನಾಳ ತುಂಬಿದ ದಿನ 2,000, ಗೋಡೆ ಕಟ್ಟಿದ ದಿನ 1,000, ಕ್ಯಾಪ್‌ಗೆ ಅಳತೆ ತೆಗೆದ ದಿನ 2,250, ಕ್ಯಾಪ್ ಕೂರಿಸಿದ ದಿನ ಉಳಿದ 2,250. ಅಳತೆಯ ದಿನ ಮುಂಗಡ ಕೇಳುವುದು ನ್ಯಾಯವೇ. ಕ್ಯಾಪ್ ತಯಾರಾಗುವುದು ಬೇರೆ ಲ್ಯಾಬಿನಲ್ಲಿ, ಅವರಿಗೆ ವೈದ್ಯರು ಹಣ ಕೊಡಬೇಕು. ಕಡೆಯ ಕಂತನ್ನು ಮಾತ್ರ ಕ್ಯಾಪ್ ಹಾಕಿ ನೋಡಿದ ಮೇಲೆ ಕೊಡಿರಿ. ಬಾಯಿ ಮುಚ್ಚಿದಾಗ ಅದೊಂದೇ ಮೊದಲು ತಾಗಿದರೆ, ಪಕ್ಕದ ಹಲ್ಲಿನ ಸಂದಿಯಲ್ಲಿ ದಾರ ಸಡಿಲವಾಗಿ ಆಡಿದರೆ, ಅಂಟಿಸುವ ಮುಂಚೆಯೇ ಹೇಳಬೇಕು. ಅಂಟಿಸಿದ ಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಪೂರ್ಣ ಹಣ ಈಗಿಲ್ಲದವರು ನರ ತೆಗೆಸಿ, ಔಷಧವಿಟ್ಟು ಮುಚ್ಚಿಸಿ ನೋವು ಶಮನ ಮಾಡಿಕೊಳ್ಳಬಹುದು. ಕೆಲವು ವಾರಗಳ ಅವಕಾಶ ಸಿಗುತ್ತದೆ, ತಿಂಗಳುಗಟ್ಟಲೆ ಅಲ್ಲ. ಮತ್ತೊಂದು ದಾರಿ ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು. ಬೆಂಗಳೂರಿನ ಸರ್ಕಾರಿ ಕಾಲೇಜು, ಮೈಸೂರಿನ ಜೆಎಸ್‌ಎಸ್, ದಾವಣಗೆರೆಯ ಬಾಪೂಜಿ ಕಾಲೇಜು ಮೊದಲಾದ ಕಡೆ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಕಾಲೇಜು ಆಸ್ಪತ್ರೆಗಳಲ್ಲಿ ದರ ಸಾಮಾನ್ಯವಾಗಿ ಕಡಿಮೆ, ಓಡಾಟ ಹೆಚ್ಚು. ದೂರದ ಹಳ್ಳಿಯವರು ಬಸ್ಸಿನ ಖರ್ಚನ್ನೂ ತಪ್ಪಿಹೋಗುವ ದಿನಗೂಲಿಯನ್ನೂ ಅಂದಾಜಿಗೆ ಸೇರಿಸಿ ಹೋಲಿಸಲಿ.

ಕಳೆದ ವರ್ಷ ಅದೇ ಹಿರಿಯರು ತಮ್ಮ ಮನೆಯವರನ್ನು ಕರೆದುಕೊಂಡು ಬಂದರು. ಮೇಲ್ದವಡೆಯ ಹಿಂದಿನ ಹಲ್ಲು. ನಾನು ಚೀಟಿಯಲ್ಲಿ ಐದು ಸಾಲು ಬರೆದು, ಕೆಳಗೆ ಎರಡು ಮೊತ್ತ ಹಾಕಿ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿ, ಮಡಚಿ ಜೇಬಿಗಿಟ್ಟುಕೊಂಡು, ‘ಕಬ್ಬಿನ ಬಿಲ್ಲು ಬಂದಮ್ಯಾಲ ಶುರು ಮಾಡೂಣ, ಟೊಪ್ಪಿಗಿ ಲೋಹದ್ದ ಇರಲಿ’ ಎಂದರು.