ಮಳೆಗಾಲ ಕಾಯುವುದಿಲ್ಲ, ಸರ್

ಕಪ್ಪೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿನಿ ನನಗೆ ಕಳಿಸಿದ ಇಮೇಲ್ ಮೂರೇ ಸಾಲಿನದು. ‘ಸರ್, ಅನುಮತಿ ತಡವಾಯಿತು. ತುಂಬಾ ತೊಂದರೆಯಾಗಿದೆ. ದಯವಿಟ್ಟು ಏಳು ತಿಂಗಳು ಹೆಚ್ಚು ಕೊಡಿಸಿ.’ ಓದಿ ಅಯ್ಯೋ ಅನ್ನಿಸಿತು. ಆದರೆ ನನ್ನ ಅಯ್ಯೋವನ್ನು ಸಲಹಾ ಸಮಿತಿಯ ಮುಂದೆ ಇಡುವುದು ಹೇಗೆ?

ಅಭಯಾರಣ್ಯದೊಳಗೆ ಸಂಶೋಧನೆಗೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಇವಳು ಫೆಬ್ರವರಿಯಲ್ಲೇ ಅರ್ಜಿ ಹಾಕಿದ್ದಳು. ಯಾವ ವಲಯದ ಯಾವ ಹಳ್ಳ ಎಂದು ಅದರಲ್ಲಿ ಬರೆದಿರಲಿಲ್ಲ. ಏಪ್ರಿಲ್‌ನಲ್ಲಿ ಆ ಪ್ರಶ್ನೆ ಬಂತು, ವಾರದಲ್ಲಿ ಉತ್ತರವೂ ಹೋಯಿತು. ಅನುಮತಿ ಕೈಗೆ ಬಂದದ್ದು ಸೆಪ್ಟೆಂಬರ್ 22ಕ್ಕೆ. ಪಶ್ಚಿಮ ಘಟ್ಟದ ಬಹುಪಾಲು ಕಪ್ಪೆಗಳು ಜೋಡಿ ಹುಡುಕಿ ವಟಗುಟ್ಟುವುದು ಮುಂಗಾರಿನಲ್ಲಿ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ಏಳು ತಿಂಗಳ ವಿಳಂಬಕ್ಕೆ ಏಳು ತಿಂಗಳು ಕೇಳಿದರೆ ಸಾಲದು. ಆ ಗಡುವು ಮುಂದಿನ ಮಳೆಗಾಲ ಮುಗಿದ ಬೆನ್ನಿಗೇ ಬಂದು ನಿಲ್ಲುತ್ತದೆ.

ಎದುರು ಕೂರಿಸಿಕೊಂಡು ಮತ್ತೆ ಬರೆಸಿದೆ:

‘ಮಾನ್ಯ ಸರ್, ನನ್ನ ಪ್ರಬಂಧ ಸಲ್ಲಿಕೆಯ ಗಡುವನ್ನು 2026ರ ಮಾರ್ಚ್ 31ರಿಂದ 2027ರ ಮಾರ್ಚ್ 31ಕ್ಕೆ ವಿಸ್ತರಿಸಲು ಕೋರುತ್ತೇನೆ. ಕ್ಷೇತ್ರಕಾರ್ಯದ ಅನುಮತಿಗೆ ಕಳೆದ ಫೆಬ್ರವರಿ 10ರಂದು ಅರ್ಜಿ ಸಲ್ಲಿಸಿದ್ದೆ. ಸೆಪ್ಟೆಂಬರ್ 22ಕ್ಕೆ ದೊರೆಯಿತು. ಇದರಿಂದ ಈ ವರ್ಷದ ಮಳೆಗಾಲದ ದತ್ತಾಂಶ ಸಿಗಲಿಲ್ಲ. ಮೊದಲ ಎರಡು ಅಧ್ಯಾಯಗಳು ಸಿದ್ಧವಿವೆ. ಮುಂದಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಷೇತ್ರಕಾರ್ಯ, ಡಿಸೆಂಬರ್‌ವರೆಗೆ ವಿಶ್ಲೇಷಣೆ, ಆಮೇಲೆ ಬರವಣಿಗೆ. ಅರ್ಜಿ, ಪತ್ರವ್ಯವಹಾರ, ಅನುಮತಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ.’

ಇದನ್ನು ನಾನು ಒಂದಕ್ಷರ ಬದಲಿಸದೆ ಸಮಿತಿಗೆ ಕಳಿಸಬಲ್ಲೆ. ‘ತೊಂದರೆ’ ಎಂಬ ಮಾತೇ ಇಲ್ಲದಿದ್ದರೂ ತೊಂದರೆ ಎಷ್ಟೆಂಬುದು ತಾರೀಖುಗಳಲ್ಲೇ ಇದೆ. ಕಚೇರಿಯನ್ನು ಬೈದಿಲ್ಲ, ಅದೂ ಒಳ್ಳೆಯದೇ, ಮುಂದಿನ ವರ್ಷ ಅಲ್ಲಿಗೇ ಹೋಗಬೇಕಲ್ಲ!

ಎರಡು ವಿಷಯ ಮಾತ್ರ ಇಮೇಲ್‌ಗೆ ಮೊದಲೇ ನೋಡಿಕೊಂಡೆವು. ಯುಜಿಸಿ ನಿಯಮದಂತೆ ಪಿಎಚ್.ಡಿ.ಗೆ ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. 2021ರ ಆಗಸ್ಟ್‌ನಲ್ಲಿ ಸೇರಿದವಳಿಗೆ 2027ರ ಮಾರ್ಚ್ ಆ ಗಡಿಯೊಳಗೇ ಬೀಳುತ್ತದೆ. ಆದರೆ ಅವಳ ಜೆಆರ್‌ಎಫ್ ಹಣ ಐದೇ ವರ್ಷದ್ದು. ಗಡುವು ಮುಂದೆ ಹೋದ ಮಾತ್ರಕ್ಕೆ ಶಿಷ್ಯವೇತನ ಮುಂದೆ ಹೋಗುವುದಿಲ್ಲ. ಕೊನೆಯ ತಿಂಗಳುಗಳ ಖರ್ಚಿಗೆ ಬೇರೆ ದಾರಿ ಹುಡುಕಬೇಕು.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಅವಳು ನನಗೆ ಬರೆದದ್ದು ಅಕ್ಟೋಬರ್‌ನಲ್ಲಿ. ಜೂನ್‌ನಲ್ಲೇ ತಿಳಿಸಿದ್ದರೆ ಅಭಯಾರಣ್ಯದ ಹೊರಗಿನ ಕೆರೆ, ಗದ್ದೆಗಳಲ್ಲಾದರೂ ಈ ಮಳೆಗಾಲದ ಕೆಲಸ ಶುರುಮಾಡಿಸುತ್ತಿದ್ದೆ. ಅನುಮತಿಗಾಗಿ ಕಾಯುತ್ತಿರುವವರೇ, ಮೊದಲ ಮಳೆ ಬೀಳುವ ಮುನ್ನ ನಿಮ್ಮ ಗೈಡ್‌ಗೆ ಒಂದು ಸಾಲು ಬರೆದು ಹಾಕಿ.